ಅಡ್ಮಿನ್ ಮಾವನ ಹನ್ನೊಂದು ರೂಲ್ಸ್

ಹೋದ ಮಳೆಗಾಲದಲ್ಲಿ ನಮ್ಮೂರ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಆಗಿರೋ ನನ್ನ ಮಾವ ಒಂದು ಉದ್ದದ ಪೋಸ್ಟ್ ಹಾಕಿದ್ರು. ಒಟ್ಟು ಹನ್ನೊಂದು ರೂಲ್ಸ್. ಫಾರ್ವರ್ಡ್ ಬೇಡ, ರಾಜಕೀಯ ಬೇಡ, ಎಲ್ಲರಿಗೂ ಗೌರವ ಕೊಡಿ ಅಂತೆಲ್ಲಾ ಇತ್ತು. ಕೊನೆಯಲ್ಲಿ, 'ಎರಡು ನೀಲಿ, ಒಂದು ಕೆಂಪು ಟಿಕ್ ಬಂದ್ರೆ ಸರ್ಕಾರ ಕ್ರಮ ತಗೊಳ್ಬಹುದು' ಅಂತ ಎಚ್ಚರಿಕೆ. ಪೋಸ್ಟಿನ ಮೇಲೆ ಎರಡು ಬಾಣದ ಗುರುತು, "Forwarded many times".

ಅಂದ್ರೆ ಫಾರ್ವರ್ಡ್ ಬೇಡ ಅನ್ನೋ ರೂಲ್ಸೇ ಫಾರ್ವರ್ಡ್ ಆಗಿ ಬಂದಿತ್ತು! ಕೆಂಪು ಟಿಕ್ ಅನ್ನೋದು ವಾಟ್ಸಾಪಲ್ಲಿ ಇಲ್ವೇ ಇಲ್ಲ. ಅದು ಹಳೇ ಸುಳ್ಳು, ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ಕೇ ಅಲ್ಲಗಳೆದಿತ್ತು. ಮಾವನಿಗೆ ಹೇಳಿದೆ. "ಅಲ್ದಾ ಮಾಣಿ, ನಾಳೆ ಪೊಲೀಸ್ರ್ ಬಂದ್ರೆ ಹಿಡುದ್ ನನ್ನನ್ನೇ ಅಲ್ದಾ?" ಅಂದ್ರು.

ಆ ಹೆದರಿಕೆ ಸುಮ್ನೆ ಬಂದದ್ದಲ್ಲ. 2017ರಲ್ಲಿ ಬೈಂದೂರು ದಾಟಿದ್ರೆ ಸಿಗೋ ಮುರ್ಡೇಶ್ವರದಲ್ಲಿ ಪ್ರಧಾನಿ ಬಗ್ಗೆ ಕೆಟ್ಟ ಪೋಸ್ಟ್ ಬಂತು ಅಂತ ಒಬ್ಬ ಗ್ರೂಪ್ ಅಡ್ಮಿನ್‌ನ್ನೇ ಪೊಲೀಸರು ಬಂಧಿಸಿದ್ರು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನೋ ಸುದ್ದಿ ಗ್ರೂಪಲ್ಲಿ ಹರಡಿ, ಜನ ಸೇರಿ ಹೊಡೆದು ಹೈದರಾಬಾದಿನ ಒಬ್ಬ ಇಂಜಿನಿಯರ್ ಸತ್ತ. ಅಲ್ಲೂ ಬಂಧನ ಆದವರಲ್ಲಿ ಗ್ರೂಪ್ ಅಡ್ಮಿನ್ ಇದ್ದ.

ಆದ್ರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2021ರ ಮಾರ್ಚಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಸದಸ್ಯ ಹಾಕಿದ ಪೋಸ್ಟಿಗೆ ಅಡ್ಮಿನ್ ಹೊಣೆ ಅಲ್ಲ ಅಂತ ಹೇಳಿತು. ಅಡ್ಮಿನ್‌ಗೆ ಇರೋದು ಜನರನ್ನು ಸೇರಿಸೋ, ತೆಗೆಯೋ ಅಧಿಕಾರ. ಪೋಸ್ಟ್ ಬರೋ ಮೊದಲೇ ಓದಿ ತಡೆಯೋಕೆ ಅವನಿಗೆ ಆಗೋದಿಲ್ಲ. ಇಬ್ಬರೂ ಸೇರಿ ಮೊದಲೇ ಪ್ಲಾನ್ ಮಾಡಿದ್ರೆ ಮಾತು ಬೇರೆ. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಇದೇ ದಾರಿ ಹಿಡಿಯಿತು. ಇವು ಕರ್ನಾಟಕದ ತೀರ್ಪುಗಳಲ್ಲ, ನಮ್ಮ ಪೊಲೀಸರನ್ನು ನೇರವಾಗಿ ಕಟ್ಟಿಹಾಕೋದಿಲ್ಲ. ಆದ್ರೂ ಹೆದರಿ ಹನ್ನೊಂದು ರೂಲ್ಸ್ ಹಾಕೋ ಬದಲು, ನಡೆಸೋಕೆ ಆಗುವಂಥ ಮೂರು ಸಾಕು ಅಂತ ನನ್ನ ಅಭಿಪ್ರಾಯ.

ಮೊದಲನೇದು ಫಾರ್ವರ್ಡ್. ಮಳೆ ಜೋರಾದ ರಾತ್ರಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಗ್ರೂಪುಗಳಲ್ಲಿ ಬರೋದು ಒಂದೇ, 'ನಾಳೆ ಶಾಲೆಗೆ ರಜೆ'. ನಮ್ಮ ಗ್ರೂಪಿಗೆ ಬಂದ ಆದೇಶದ ಫೋಟೋದಲ್ಲಿ ಸಹಿ, ಸೀಲು ಎಲ್ಲಾ ಸರಿ ಇತ್ತು. ದಿನಾಂಕ ಮಾತ್ರ ಹಿಂದಿನ ವರ್ಷದ್ದು. ಪಕ್ಕದ ಮನೆ ಮಕ್ಕಳು ಶಾಲೆಗೆ ಹೋಗಲೇ ಇಲ್ಲ, ಅವತ್ತು ಪರೀಕ್ಷೆ ಇತ್ತು. ಅದರ ಮೇಲೆ ಬಾಣದ ಗುರುತು ಇರಲಿಲ್ಲ. ಯಾಕಂದ್ರೆ ಐದು ಕೈ ದಾಟಿದ ಮೆಸೇಜಿಗೆ ಎರಡು ಬಾಣ ಬೀಳುತ್ತೆ ನಿಜ, ಆದ್ರೆ ಯಾರಾದ್ರೂ ಫೋಟೋ ಸೇವ್ ಮಾಡಿ ಹೊಸದಾಗಿ ಹಾಕಿದ್ರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ಬಾಣ ಇಲ್ಲ ಅಂದ ಕೂಡ್ಲೇ ಸತ್ಯ ಅಂತಲ್ಲ. ರೂಲ್ ಹೀಗಿರಲಿ: ಸುದ್ದಿ ಹಾಕುವವರು ಯಾವ ದಿನದ್ದು, ಯಾವ ತಾಲೂಕಿನದ್ದು, ತಮಗೆ ಎಲ್ಲಿಂದ ಸಿಕ್ಕಿತು ಅಂತ ಒಂದು ಸಾಲು ಸ್ವಂತ ಕೈಯಲ್ಲಿ ಬರೀಬೇಕು. ಆ ಸಾಲು ಬರೆಯೋಕೆ ಹೋದಾಗಲೇ ದಿನಾಂಕ ಕಣ್ಣಿಗೆ ಬೀಳುತ್ತೆ.

ಎರಡನೇದು ರಾಜಕೀಯ. 'ರಾಜಕೀಯ ಬೇಡ' ಅಂತಷ್ಟೇ ಹಾಕಿದ್ರೆ ಏನಾಗುತ್ತೆ ನೋಡಿ. ಒಬ್ಬರು ಅಕ್ಕ ನಲ್ಲಿಯಲ್ಲಿ ನಾಲ್ಕು ದಿನದಿಂದ ನೀರಿಲ್ಲ ಅಂತ ಬರೆದ್ರು. 'ಇದು ರಾಜಕೀಯ' ಅಂತ ಇನ್ನೊಬ್ಬರು ಹೇಳಿದ್ರು, ಮಾವ ಡಿಲೀಟ್ ಮಾಡಿದ್ರು. ಅದೇ ವಾರ ಒಬ್ಬ ಮುಖಂಡರ ಹುಟ್ಟುಹಬ್ಬದ ಬ್ಯಾನರ್ ಬಂತು, ಅದು ಉಳಿಯಿತು! ಹಾಕಿದವರು ಮಾವನ ಗೆಳೆಯರು. ಗೆರೆ ಸ್ಪಷ್ಟ ಇರಬೇಕು. ಪಕ್ಷದ ಚಿಹ್ನೆ, ಮುಖಂಡರ ಫೋಟೋ, ವೋಟು ಕೇಳೋದು ಬೇಡ. ನೀರು, ರಸ್ತೆ, ಕರೆಂಟು, ಬಸ್ಸು ಇವೆಲ್ಲಾ ಇರಲಿ. ಊರಿನ ಗ್ರೂಪಲ್ಲಿ ಊರಿನ ನೀರಿನ ಮಾತು ಆಡ್ಬಾರ್ದು ಅಂದ್ರೆ ಮತ್ತೆ ಗುಡ್ ಮಾರ್ನಿಂಗ್ ಹೂವು ಮಾತ್ರ ಉಳಿಯೋದು.

ಮೂರನೇದು ಗೌರವ. ಇದನ್ನು ಅಳೆಯೋದು ಕಷ್ಟ. ಆದ್ರೆ ಒಂದನ್ನು ಖಂಡಿತ ತಡೀಬಹುದು: ಒಬ್ಬರ ಫೋಟೋ ಅಥವಾ ನಂಬರ್ ಹಾಕಿ 'ಇವನು ಕಳ್ಳ, ಹುಷಾರು' ಅನ್ನೋದು. ಮುರ್ಕಿಯಲ್ಲಿ ಶುರುವಾದದ್ದೂ ಇಂಥ ಮಾತಿನಿಂದಲೇ. 2022ರಿಂದ ಅಡ್ಮಿನ್ ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಕಾಣದ ಹಾಗೆ ಅಳಿಸಬಹುದು. ಆದ್ರೆ ಅಷ್ಟರಲ್ಲಿ ಯಾರೋ ಸೇವ್ ಮಾಡಿ ಬೇರೆ ಗ್ರೂಪಿಗೆ ಕಳಿಸಿದ್ರೆ ಅದು ಹೋಗೋದಿಲ್ಲ. ಅದಕ್ಕೇ ಮಾವ ಒಬ್ಬರೇ ಸಾಲದು, ಅವರು ಒಂಬತ್ತಕ್ಕೆಲ್ಲಾ ಮಲಗ್ತಾರೆ. ದುಬೈಯಲ್ಲಿರೋ ಒಬ್ಬರು, ಬೆಂಗಳೂರಲ್ಲಿರೋ ಒಬ್ಬರು ಅಡ್ಮಿನ್ ಆದ್ರೆ ರಾತ್ರಿಯೂ ಕಣ್ಣಿರುತ್ತೆ. ಅಳಿಸಿದ ಮೇಲೆ ಹಾಕಿದವರಿಗೆ ಪರ್ಸನಲ್ ಆಗಿ ಫೋನ್ ಮಾಡಿ ಕಾರಣ ಹೇಳ್ಬೇಕು. ನಾನೂರು ಜನರ ಎದುರು ಬೈದ್ರೆ ಅವರು ತಪ್ಪು ಒಪ್ಪೋದಿಲ್ಲ, ಬೇರೆ ಗ್ರೂಪ್ ಮಾಡ್ತಾರೆ.

ಇದನ್ನೆಲ್ಲಾ ಮಾವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಮೂರು ರೂಲ್ಸ್ ಸ್ವಂತ ಕೈಯಲ್ಲಿ ಟೈಪ್ ಮಾಡಿದ್ರು, ತಪ್ಪು ಕಾಗುಣಿತ ಸಮೇತ. ಮೇಲೆ ಬಾಣ ಇರಲಿಲ್ಲ. ಬ್ಯಾನರ್ ಮಾತ್ರ ಇನ್ನೂ ಹಾಗೇ ಇದೆ. ಅದನ್ನು ತೆಗೆದ ದಿನ ನಮ್ಮ ಗ್ರೂಪಿಗೆ ರೂಲ್ಸ್ ಬಂತು ಅಂತ ನಾನು ಒಪ್ತೇನೆ.