ಚಂದಾ ನಿಲ್ಲಿಸುವ ಪತ್ರ

ನಮ್ಮ ತಂದೆಯವರಿಗೆ ಓದು ಬರಹ ಬಾರದು. ಆದರೂ ಮಂಡಿಗೆ ಶೇಂಗಾ ಹಾಕಿದಾಗಲೆಲ್ಲ ತೂಕದ ಚೀಟಿ ಕೈಗೆ ಬರುವವರೆಗೆ ಅವರು ಅಲ್ಲಿಂದ ಕದಲುವುದಿಲ್ಲ. ಮೂರು ವರ್ಷ ಕಾಲೇಜಿನಲ್ಲಿ ಓದಿದ ನಾನು ಚೀಟಿಯಿಲ್ಲದೆ ಹೊರಟುಬಂದು, 398 ರೂಪಾಯಿ ಕಳೆದುಕೊಂಡೆ. ಆ ಸಂಗತಿಯನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೆ ಹಾಸ್ಟೆಲಿನ ಹಲವು ಮಿತ್ರರೂ ಇದೇ ಹಳ್ಳಕ್ಕೆ ಬಿದ್ದವರೆಂದು ತಿಳಿದ ಮೇಲೆ ಬರೆಯಲು ಧೈರ್ಯ ಬಂದಿದೆ.

ಮೊಬೈಲಿನಲ್ಲಿ ಸಿನಿಮಾ ತೋರಿಸುವ ಒಂದು ಕಂಪನಿಗೆ ನಮ್ಮ ಕೊಠಡಿಯ ಮೂವರೂ ಸೇರಿ ತಿಂಗಳಿಗೆ 149 ರೂಪಾಯಿ ಚಂದಾ ಕಟ್ಟುತ್ತಿದ್ದೆವು. ಹಣ ಹೋಗುತ್ತಿದ್ದುದು ನನ್ನ ವಿದ್ಯಾರ್ಥಿವೇತನದ ಖಾತೆಯಿಂದ, ಪ್ರತಿ ತಿಂಗಳ 12ನೆಯ ತಾರೀಖಿಗೆ. ಬೆಲೆ 199 ಆಯಿತೆಂಬ ಸುದ್ದಿ ಬಂದಾಗ ನಾವು ಬಿಟ್ಟುಬಿಡಲು ನಿರ್ಧರಿಸಿದೆವು. ನಾನು ಆ್ಯಪನ್ನು ಅಳಿಸಿ ಹಾಕಿ, ಎಲ್ಲವೂ ಮುಗಿಯಿತೆಂದುಕೊಂಡೆ. 12ನೆಯ ತಾರೀಖಿಗೆ 199 ಕಡಿತವಾಯಿತು. ಪರೀಕ್ಷಾ ಶುಲ್ಕ ಕಟ್ಟುವ ವಾರ ಅದು.

ನನ್ನನ್ನು ಕೇಳದೆ ಹೆಚ್ಚಿನ ಹಣ ಹೇಗೆ ತೆಗೆದರು? ಕೇಳಿಯೇ ತೆಗೆದಿದ್ದರು. ಮೊದಲ ದಿನ ಯುಪಿಐ ಆಟೋಪೇಗೆ ನಾನು ಒಪ್ಪಿಗೆ ಕೊಟ್ಟಾಗ, ಅದರಲ್ಲಿ 149 ಎಂದಿರಲಿಲ್ಲ; ‘1,000 ರೂಪಾಯಿಯವರೆಗೆ’ ಎಂದಿತ್ತು. ಆ ಮಿತಿಯೊಳಗೆ ಬೆಲೆ ಏರಿದರೆ ಹೊಸ ಒಪ್ಪಿಗೆ ಬೇಕಾಗುವುದಿಲ್ಲ. ಹಣ ತೆಗೆಯುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವುಂಟು. ಸೂಚನೆ ಬಂದೂ ಇತ್ತು. ಜಾಹೀರಾತುಗಳ ನಡುವೆ ನಾನೇ ಅದನ್ನು ನೋಡಲಿಲ್ಲ.

ಆಗ ಗ್ರಾಹಕ ಸೇವೆಗೆ ಒಂದು ಇ-ಮೇಲ್ ಬರೆದೆ. ಬರೆದೆ ಎನ್ನುವುದಕ್ಕಿಂತ ಭಾಷಣ ಮಾಡಿದೆ ಎನ್ನುವುದು ಸರಿ. ಬೆಲೆ ಏರಿಸಿದ್ದು ಬಡ ವಿದ್ಯಾರ್ಥಿಗಳಿಗೆ ಅನ್ಯಾಯ, ಚಿತ್ರಗಳೂ ಹಳಸಲು ಎಂದೆಲ್ಲ ಎರಡು ಪುಟ ತುಂಬಿಸಿ, ಕೊನೆಗೆ ‘ಇಂಥ ಸೇವೆ ನಮಗೆ ಬೇಡ’ ಎಂದು ಮುಗಿಸಿದೆ. ಎರಡೇ ನಿಮಿಷದಲ್ಲಿ ಟಿಕೆಟ್ ಸಂಖ್ಯೆಯೊಂದು ಬಂತು. ಅದೇ ರಸೀದಿಯೆಂದು ನಂಬಿ ಬರೆದಿಟ್ಟುಕೊಂಡೆ. ಮುಂದಿನ 12ಕ್ಕೆ ಮತ್ತೆ 199 ಹೋಯಿತು.

ದೂರವಾಣಿಯಲ್ಲಿ ವಿಚಾರಿಸಿದಾಗ ಗುಮಾಸ್ತೆಯೊಬ್ಬರು ಸೌಜನ್ಯದಿಂದಲೇ ವಿವರಿಸಿದರು: ನನ್ನ ಪತ್ರ ‘ಬೆಲೆಯ ಬಗ್ಗೆ ಅಭಿಪ್ರಾಯ’ ಎಂಬ ತಲೆಬರಹದಲ್ಲಿ ದಾಖಲಾಗಿ, ಮುಕ್ತಾಯವೂ ಆಗಿತ್ತು. ಅಂದರೆ ಟಿಕೆಟ್ ಸಂಖ್ಯೆ ಹೇಳುವುದು ಪತ್ರ ತಲುಪಿತೆಂಬುದನ್ನು ಮಾತ್ರ, ಚಂದಾ ನಿಂತಿತೆಂಬುದನ್ನಲ್ಲ. ನಿಂತಿದ್ದಕ್ಕೆ ಬರುವ ದೃಢೀಕರಣವೇ ಬೇರೆ. ಗುರುತಿಸುವುದು ಸುಲಭ: ಅದರಲ್ಲಿ ಸೇವೆ ಕೊನೆಯಾಗುವ ತಾರೀಖು ಇರುತ್ತದೆ. ತಾರೀಖಿಲ್ಲದ ಸಂಖ್ಯೆಯನ್ನು ನಂಬಬಾರದೆಂಬುದು ನನ್ನ ಅಭಿಪ್ರಾಯ.

ಎರಡನೆಯ ಪತ್ರ ಹೀಗಿತ್ತು:

‘ನನ್ನ ಈ ಇ-ಮೇಲ್ ವಿಳಾಸದಲ್ಲಿರುವ ಮಾಸಿಕ ಚಂದಾವನ್ನು ಇಂದಿನಿಂದ ರದ್ದುಮಾಡಿರಿ. ಕಾರಣ: ಬೆಲೆ 149ರಿಂದ 199ಕ್ಕೆ ಏರಿರುವುದು. ಬೇರೆ ಯೋಜನೆಯಾಗಲಿ ರಿಯಾಯಿತಿಯಾಗಲಿ ಬೇಡ. ಮುಂದಿನ 12ರಂದು ಹಣ ತೆಗೆಯಬಾರದು. ರದ್ದತಿಯ ದೃಢೀಕರಣ ಸಂಖ್ಯೆಯನ್ನೂ ಸೇವೆ ಮುಗಿಯುವ ತಾರೀಖನ್ನೂ ಬರೆದು ತಿಳಿಸಿರಿ.’

ಇಷ್ಟೇ. ಬೆಲೆಯ ಮೇಲಿನ ಕೋಪ ನ್ಯಾಯವಾದದ್ದೇ, ಆದರೆ ಅದಕ್ಕೆ ಈ ಪತ್ರ ಸ್ಥಳವಲ್ಲ. ಒಂದೇ ಪತ್ರದಲ್ಲಿ ಎರಡು ವಿಷಯವಿದ್ದರೆ, ತನಗೆ ಅನುಕೂಲವಾದದ್ದಕ್ಕೆ ಕಂಪನಿ ಉತ್ತರ ಕೊಡುತ್ತದೆ. ರಿಯಾಯಿತಿ ಬೇಡವೆಂಬ ಮಾತು ಒರಟೆಂದು ನನ್ನ ಮಿತ್ರನೊಬ್ಬ ಆಕ್ಷೇಪಿಸಿದ. ಆ ಮಾತಿಲ್ಲದಿದ್ದರೆ ‘ಮೂರು ತಿಂಗಳು ಹಳೆಯ ದರಕ್ಕೇ ಕೊಡುತ್ತೇವೆ’ ಎಂಬ ಉತ್ತರ ಬರಬಹುದು. ಅದಕ್ಕೆ ಮರುಪತ್ರ ಬರೆಯುವಷ್ಟರಲ್ಲಿ 12ನೆಯ ತಾರೀಖು ಬಂದಿರುತ್ತದೆ.

ಮರುದಿನ ಉತ್ತರ ಬಂತು. ಅದರಲ್ಲಿ ಸಂಖ್ಯೆಯೂ ಇತ್ತು, ಸೇವೆ 11ಕ್ಕೆ ಮುಗಿಯುವುದೆಂಬ ಮಾತೂ ಇತ್ತು. ಹೋದ ಹಣ ಬರಲಿಲ್ಲ. ಬಳಿಕ ಯುಪಿಐ ಆ್ಯಪಿನೊಳಗೆ ಆಟೋಪೇ ಪಟ್ಟಿಯನ್ನು ತೆರೆದು, ಆ ಒಪ್ಪಿಗೆಯನ್ನೂ ರದ್ದುಮಾಡಿದೆ. ಇದೊಂದನ್ನೇ ಮಾಡಿದ್ದರೂ ಹಣ ನಿಲ್ಲುತ್ತಿತ್ತು. ಆದರೆ ಕಂಪನಿಯ ಲೆಕ್ಕದಲ್ಲಿ ನಾನು ಬಾಕಿದಾರನಾಗಿ ಉಳಿಯಬಹುದಿತ್ತು. ಮುಂದಿನ 12 ಸದ್ದಿಲ್ಲದೆ ಕಳೆಯಿತು.

ಸೇರುವುದಕ್ಕೆ ಒಂದು ಗುಂಡಿ, ಬಿಡುವುದಕ್ಕೆ ಎರಡು ಪತ್ರ ಮತ್ತು ಒಂದು ಕರೆ! 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ನಿಷೇಧಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ‘ಚಂದಾ ಬಲೆ’ಯೂ ಒಂದು. ರದ್ದುಮಾಡುವ ದಾರಿಯನ್ನು ಬೇಕೆಂದೇ ಜಟಿಲಗೊಳಿಸುವುದು ಅದರ ವ್ಯಾಪ್ತಿಗೆ ಬರುತ್ತದೆ. ಕಂಪನಿ ಉತ್ತರಿಸದಿದ್ದರೆ 1915ಕ್ಕೆ ಕರೆಮಾಡಿ ದೂರು ಕೊಡಬಹುದು. ಆಗಲೂ ಬರೆದ ಪತ್ರವೇ ನಮ್ಮ ಆಧಾರ.

ರಜೆಯಲ್ಲಿ ಊರಿಗೆ ಹೋದಾಗ ಆ ಉತ್ತರದ ಪ್ರತಿಯನ್ನು ತಂದೆಯವರಿಗೆ ತೋರಿಸಿದೆ. ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿ, “ಸಹಿ ಎಲ್ಲೈತೋ ಇದ್ರಾಗೆ?” ಎಂದು ಕೇಳಿದರು. ಸಹಿಯ ಬದಲು ಈ ಸಂಖ್ಯೆ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಮಡಚಿ, ಮಂಡಿಯ ಚೀಟಿಗಳ ಜೊತೆಯಲ್ಲಿಯೇ ಟ್ರಂಕಿನೊಳಗೆ ಇಟ್ಟರು.