ಚಿತ್ರದ ಕೆಳಗಿನ ಆರು ಸಾಲು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಡಿಟಿಪಿ ಅಂಗಡಿಗಳಿಗೆ ಸುಗ್ಗಿ. ಟ್ಯೂಷನ್ ನಡೆಸುವವರು, ಕರಾಟೆ ಹೇಳಿಕೊಡುವವರು, ಸಂಗೀತ ಶಾಲೆಯವರು ಎಲ್ಲರಿಗೂ ಶಾಲೆ ತೆರೆಯುವ ಮೊದಲೇ ತಮ್ಮ ಕರಪತ್ರ ಮನೆಮನೆ ತಲುಪಬೇಕೆಂಬ ಆತುರ. ಈಗ ಕರಪತ್ರದ ಜೊತೆಗೆ ಮೊಬೈಲಿಗೆ ಕಳಿಸಲು ಒಂದು ಚಿತ್ರವೂ ಬೇಕು, ಅದರ ಕೆಳಗೆ ನಾಲ್ಕಾರು ಸಾಲಿನ ಒಕ್ಕಣೆಯೂ ಬೇಕು.

ಮೈಸೂರಿನ ಒಂದು ಬಡಾವಣೆಯಲ್ಲಿ, ಬಾಡಿಗೆ ಮಹಡಿಯ ಮೇಲೆ ಸಂಗೀತ ಮತ್ತು ನೃತ್ಯ ಶಾಲೆ ನಡೆಸುವ ಇಬ್ಬರು ಶಿಕ್ಷಕಿಯರಿದ್ದಾರೆ. ಅವರ ಒಕ್ಕಣೆಯನ್ನು ಅಂಗಡಿಯ ಹುಡುಗ ಹಿಂದಿನ ವರ್ಷದ್ದನ್ನೇ ನೋಡಿ ಸಿದ್ಧಮಾಡಿ ತಂದಿದ್ದ. ಮೇಲೆ ಪೂರ್ತಿ ಮೇಕಪ್ಪು, ಜಡೆ, ಬೈತಲೆಬೊಟ್ಟಿನಲ್ಲಿ ನಿಂತ ಪುಟ್ಟ ಹುಡುಗಿಯ ಚಿತ್ರ. ಕೆಳಗೆ ಹೀಗಿತ್ತು:

"ನಿಮ್ಮ ಮಗುವಿನ ಪ್ರತಿಭೆಗೊಂದು ವೇದಿಕೆ! ಕರ್ನಾಟಕ ಸಂಗೀತ ಮತ್ತು ಭರತನಾಟ್ಯ. 4 ವರ್ಷ ಮೇಲ್ಪಟ್ಟ ಮಕ್ಕಳಿಗೆ. ಆರೇ ತಿಂಗಳಲ್ಲಿ ರಂಗದ ಮೇಲೆ. ಜೂನಿಯರ್ ಪರೀಕ್ಷೆಗೆ ತರಬೇತಿ. ಕೆಲವೇ ಸ್ಥಾನಗಳಿವೆ, ಇಂದೇ ಸೇರಿಸಿ."

ಸಂಗೀತದ ಮೇಡಂ ಓದಿದರು. ಪೆನ್ನು ತೆಗೆದರು. ಒಂದೊಂದೇ ಸಾಲಿನ ಮೇಲೆ ಗೀಟು ಎಳೆಯುತ್ತ ಹೋದರು.

"ಏನ್ ಮೇಡಂ, ಹೋದ್ವರ್ಷ ಇದನ್ನ ನೋಡಿಯೇ ಅಷ್ಟೊಂದು ಜನ ಸೇರಿದ್ರಲ್ಲ?" ಎಂದ ಹುಡುಗ.

"ಸೇರಿದ್ರು ಕಣಪ್ಪ. ದೀಪಾವಳಿ ಆದ್ಮೇಲೆ ಎಷ್ಟು ಜನ ಉಳಿದ್ರು, ಅದನ್ನೂ ಕೇಳು" ಎಂದರು ಮೇಡಂ.

ಅರ್ಧದಷ್ಟು ಮಕ್ಕಳು ಬಿಟ್ಟಿದ್ದರು. ಯಾಕೆ ಬಿಟ್ಟರು ಎಂಬುದು ಆ ಒಕ್ಕಣೆಯಲ್ಲೇ ಇತ್ತು.

ಮೊದಲು ವಯಸ್ಸಿನ ಮಾತು. ನಾಲ್ಕು ವರ್ಷದ ಮಗು ಹಾಡುವುದಿಲ್ಲ, ಕುಣಿಯುವುದಿಲ್ಲ ಎಂದಲ್ಲ. ಮನೆಯಲ್ಲಿ ಅದನ್ನು ನಿಲ್ಲಿಸುವುದೇ ಕಷ್ಟ. ಆದರೆ ಕೈಯಲ್ಲಿ ತಾಳ ಹಾಕುತ್ತ, ಕಿವಿಯಲ್ಲಿ ಶ್ರುತಿ ಹಿಡಿದು, ಬಾಯಲ್ಲಿ ಸ್ವರ ಹೇಳುವುದೆಂದರೆ ಒಂದೇ ಹೊತ್ತಿಗೆ ಮೂರು ಕೆಲಸ. ಆದಿತಾಳದ ಎಂಟು ಎಣಿಕೆಯಲ್ಲಿ ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಬೀಸು. ಆರು ವರ್ಷದ ಮಗುವಿಗೇ ಬೆರಳು ಹುಡುಕುವಷ್ಟರಲ್ಲಿ ಸ್ವರ ಮುಂದೆ ಓಡಿರುತ್ತದೆ. ನಾಲ್ಕರ ಮಗುವಿಗೆ ಇದು ಶಿಕ್ಷೆಯೇ ಸರಿ. ಅದಕ್ಕೆ ಚಿಕ್ಕ ದೇವರನಾಮ, ಚಪ್ಪಾಳೆ, ಆಟ ಸಾಕು. ಅದಕ್ಕೆ ಶಾಲೆಯೇ ಬೇಕೆಂದಿಲ್ಲ, ಅಜ್ಜಿ ಇದ್ದರೂ ಆದೀತು. ಮೇಡಂ 4 ಹೊಡೆದು 6 ಎಂದು ಬರೆದರು.

ನೃತ್ಯದ ಟೀಚರು ಇನ್ನೂ ಒಂದು ವರ್ಷ ಮುಂದೆ ಹೋದರು. ಅವರ ಕಾರಣ ಮಂಡಿ. ಭರತನಾಟ್ಯದ ಮೊದಲ ಪಾಠವೇ ಅರೆಮಂಡಿ: ಹಿಮ್ಮಡಿಗಳನ್ನು ಹತ್ತಿರ ತಂದು, ಪಾದಗಳನ್ನು ಎರಡು ಪಕ್ಕಕ್ಕೆ ತಿರುಗಿಸಿ, ಬೆನ್ನು ನೆಟ್ಟಗಿಟ್ಟು ಅರ್ಧ ಕುಳಿತ ನಿಲುವು. ಪಾದ ಪಕ್ಕಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಇಡೀ ತೊಡೆ ತಿರುಗಿದರೆ ಮಂಡಿಯೂ ತಾನಾಗಿ ಪಾದದ ದಿಕ್ಕಿಗೇ ತಿರುಗುತ್ತದೆ. ಚಿಕ್ಕ ಮಕ್ಕಳು ಮಾಡುವುದೇ ಬೇರೆ. "ಇನ್ನೂ ಅಗಲ, ಇನ್ನೂ ಕೆಳಗೆ" ಎಂದು ಗದರಿಸಿದ ಕೂಡಲೇ ಪಾದವನ್ನಷ್ಟೇ ಪಕ್ಕಕ್ಕೆ ತಿರುಚಿ ನಿಲ್ಲುತ್ತಾರೆ, ಮಂಡಿ ಮುಂದಕ್ಕೇ ನೋಡುತ್ತಿರುತ್ತದೆ. ಆ ತಿರುಚಿನ ಭಾರವನ್ನೆಲ್ಲ ಮಂಡಿ ಹೊರಬೇಕು. ಅದೇ ನಿಲುವಿನಲ್ಲಿ ತೈಯಾ ತೈ ಎಂದು ತಟ್ಟಡವು ಶುರುವಾದರೆ ಪ್ರತಿ ತಟ್ಟಿಗೂ ನೋವು ಅಲ್ಲಿಗೇ.

ಇದನ್ನು ಗುರುತಿಸಲು ಪಾಲಕರಿಗೆ ನಾಟ್ಯಶಾಸ್ತ್ರ ಗೊತ್ತಿರಬೇಕಿಲ್ಲ. ಮಗುವನ್ನು ಅರೆಮಂಡಿಯಲ್ಲಿ ನಿಲ್ಲಿಸಿ ಎದುರಿಗೆ ಕೂತು ನೋಡಿದರಾಯಿತು. ಮಂಡಿಚಿಪ್ಪು ಕಾಲ್ಬೆರಳುಗಳ ದಿಕ್ಕಿಗೇ ಇದೆಯೇ, ಒಳಕ್ಕೆ ವಾಲಿದೆಯೇ? ಒಳಕ್ಕೆ ವಾಲಿದ್ದರೆ ಪಾದದ ಅಗಲವನ್ನು ಸ್ವಲ್ಪ ಕಡಿಮೆ ಮಾಡಿಸಬೇಕು, ಅಷ್ಟು ಕೆಳಗೆ ಕೂರಿಸಬಾರದು. ಒಳ್ಳೆಯ ಟೀಚರು ಹೇಳಿಸಿಕೊಳ್ಳದೆಯೇ ಇದನ್ನು ಮಾಡುತ್ತಾರೆ. ಜೊತೆಗೆ ನೆಲವನ್ನೂ ನೋಡಬೇಕು. ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಸಿದ ನೆಲ ಚೂರೂ ಬಗ್ಗುವುದಿಲ್ಲ, ಬರಿಗಾಲಿನ ಪೆಟ್ಟು ಹಾಗೇ ವಾಪಸು ಬರುತ್ತದೆ. ಮರದ ನೆಲ ಎಲ್ಲರಿಗೂ ಎಲ್ಲಿ ಸಿಗಬೇಕು? ಈ ಮಹಡಿಯಲ್ಲೂ ಇಲ್ಲ. ಆದ್ದರಿಂದ ಇಲ್ಲಿ ಸಣ್ಣ ಮಕ್ಕಳಿಗೆ ಹತ್ತು ನಿಮಿಷ ತಟ್ಟು, ಆಮೇಲೆ ಕೂತು ಹಸ್ತಮುದ್ರೆ, ಮತ್ತೆ ಹತ್ತು ನಿಮಿಷ ತಟ್ಟು ಎಂದು ಪಾಠ ಒಡೆದಿದ್ದಾರೆ. ಜಮಖಾನ ಹಾಸಿಬಿಡಿ ಎಂದು ಒಬ್ಬ ತಾಯಿ ಸಲಹೆ ಕೊಟ್ಟರಂತೆ. ಅದು ಕಾಲಡಿ ಸರಿದು ಮಗು ಬೀಳುವುದು ಖಂಡಿತ.

ಇನ್ನು "ಆರೇ ತಿಂಗಳಲ್ಲಿ ರಂಗದ ಮೇಲೆ" ಎಂಬ ಸಾಲು. ಪಾಲಕರನ್ನು ಸೆಳೆಯುವುದು ಇದೇ, ಮಕ್ಕಳನ್ನು ಬಿಡಿಸುವುದೂ ಇದೇ. ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಎಂದರೆ ಹಬ್ಬ, ಜ್ವರ, ಪರೀಕ್ಷೆ ಕಳೆದು ಆರು ತಿಂಗಳಿಗೆ ನಲವತ್ತು ತರಗತಿ ಸಿಕ್ಕರೆ ಹೆಚ್ಚು. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಗೀತೆ ಎಂಬುದು ನಡೆದುಬಂದ ಕ್ರಮ. ಒಂದೊಂದನ್ನೂ ಮೂರು ಕಾಲದಲ್ಲಿ ಹೇಳಬೇಕು. ಆರು ವರ್ಷದ ಮಗು ಒಂದು ವರ್ಷದಲ್ಲಿ ಗೀತೆಯ ಬಾಗಿಲಿಗೆ ಬಂದು ನಿಂತರೆ ಅದೇ ಒಳ್ಳೆಯ ನಡಿಗೆ. ನಡುವೆ ವೇದಿಕೆ ಬಂತೆನ್ನಿ, ಎರಡು ತಿಂಗಳು ವರಸೆಯನ್ನು ಕಟ್ಟಿಟ್ಟು ಒಂದೇ ಹಾಡನ್ನು ಬಾಯಿಪಾಠ ಮಾಡಿಸಬೇಕು. ಹಾಡಿನ ದಿನ ಚಪ್ಪಾಳೆ, ಫೋಟೋ ಎಲ್ಲ ಆಗುತ್ತದೆ. ಮರುವಾರ ಮತ್ತೆ ಸರಿಗಮಕ್ಕೆ ಬಂದಾಗ ಮಗುವಿಗೆ ಕೆಳಗಿನ ತರಗತಿಗೆ ದಬ್ಬಿದಂತೆ ಅನ್ನಿಸುತ್ತದೆ. ಕಳೆದ ವರ್ಷ ಮಕ್ಕಳು ಬಿಟ್ಟದ್ದು ಆ ವಾರದಲ್ಲೇ.

ಪರೀಕ್ಷೆಯ ಸಾಲಿಗೆ ಮೇಡಂ ಹೆಚ್ಚು ಹೊತ್ತು ಕೊಡಲಿಲ್ಲ. ಜೂನಿಯರ್ ಪರೀಕ್ಷೆಯಲ್ಲಿ ಹಾಡುವುದಷ್ಟೇ ಅಲ್ಲ, ಶಾಸ್ತ್ರದ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವುದೂ ಇರುತ್ತದೆ. ಒತ್ತಕ್ಷರ ಕಲಿಯುತ್ತಿರುವ ಮಗುವಿನ ತಂದೆತಾಯಿಗೆ ಆ ಮಾತು ಈಗಲೇ ಏಕೆ ಎಂದು ಹೊಡೆದೇಬಿಟ್ಟರು.

"ಹಂಗಾದ್ರೆ ಏನ್ ಬರೀಲಿ ಮೇಡಂ? ಜಾಗ ಖಾಲಿ ಉಳಿಯುತ್ತೆ" ಎಂದ ಹುಡುಗ.

"ಒಂದು ತಂಡಕ್ಕೆ ಎಷ್ಟು ಮಕ್ಕಳು ಅಂತ ಬರಿ. ಅದನ್ನ ಯಾರೂ ಬರೆಯಲ್ಲ."

ನಿಜ, "ಕೆಲವೇ ಸ್ಥಾನಗಳಿವೆ" ಎಂದು ಎಲ್ಲರೂ ಬರೆಯುತ್ತಾರೆ, ಎಷ್ಟು ಎಂದು ಬರೆಯುವುದಿಲ್ಲ. ಲೆಕ್ಕ ಸುಲಭ. ಒಂದು ಗಂಟೆಯಲ್ಲಿ ಶುರು, ಮುಕ್ತಾಯಕ್ಕೆ ಹತ್ತು ನಿಮಿಷ ಹೋಗುತ್ತದೆ. ಹದಿನೆಂಟು ಮಕ್ಕಳಿದ್ದರೆ ಒಬ್ಬೊಬ್ಬರನ್ನು ಬೇರೆಯಾಗಿ ಹಾಡಿಸಲು ಮೂರು ನಿಮಿಷವೂ ಸಿಗದು. ಎಂಟು ಮಕ್ಕಳಾದರೆ ಆರು ನಿಮಿಷ. ಬೇರೆಯಾಗಿ ಹಾಡಿಸಲೇಬೇಕಾದದ್ದಕ್ಕೆ ದೊಡ್ಡ ಕಾರಣ ಶ್ರುತಿ.

ಎಲ್ಲ ಮಕ್ಕಳ ಗಂಟಲೂ ಒಂದೇ ಎತ್ತರದಲ್ಲಿರುವುದಿಲ್ಲ. ಹಲವು ಪುಟ್ಟ ಮಕ್ಕಳಿಗೆ ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ G, ಆಸುಪಾಸಿನಲ್ಲಿ ಹಿತವಾಗುತ್ತದೆ. ಕೆಲವರಿಗೆ ಅದಕ್ಕಿಂತ ಅರ್ಧ ಅಥವಾ ಒಂದು ಮನೆ ಕೆಳಗೆ, ಕೆಲವರಿಗೆ ಮೇಲೆ. ಗುಂಪಿನಲ್ಲಿ ಒಂದೇ ಶ್ರುತಿಗೆ ಎಲ್ಲರೂ ಹಾಡುವಾಗ ಯಾರಿಗೆ ಹೊಂದುತ್ತಿಲ್ಲ ಎಂಬುದು ಕೇಳಿಸುವುದಿಲ್ಲ, ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಕಳೆದ ವರ್ಷ ಒಬ್ಬ ಹುಡುಗ ತರಗತಿ ಮುಗಿದ ಮೇಲೆ ಪ್ರತಿ ಸಲ ಗಂಟಲು ಕೆರೆಯುತ್ತದೆ ಎನ್ನುತ್ತಿದ್ದ. ತಾಯಿ ಬಿಸಿನೀರು, ಜೇನುತುಪ್ಪ ಎಲ್ಲ ಮಾಡಿದರು. ಒಂದು ದಿನ ಮೇಡಂ ಅವನೊಬ್ಬನನ್ನೇ ನಿಲ್ಲಿಸಿ ಷಡ್ಜದಿಂದ ಮೇಲಿನ ಷಡ್ಜದವರೆಗೆ ನಿಧಾನವಾಗಿ ಹಾಡಿಸಿದರು. ಧೈವತ ದಾಟುತ್ತಿದ್ದಂತೆ ಗದ್ದ ಮೇಲಕ್ಕೆದ್ದಿತು, ಕತ್ತಿನ ನರ ಉಬ್ಬಿತು, ಮೇಲಿನ ಷಡ್ಜ ಹಾಡಾಗದೆ ಕೂಗಾಯಿತು. ಶ್ರುತಿಯನ್ನು ಅರ್ಧ ಮನೆ ಇಳಿಸಿದರು, ಗದ್ದ ಇನ್ನೂ ಏಳುತ್ತಿತ್ತು. ಇನ್ನರ್ಧ ಇಳಿಸಿ ನಾಲ್ಕು ಮನೆಗೆ ತಂದಾಗ ಹುಡುಗ ನೆಟ್ಟಗೆ ಮುಂದೆ ನೋಡುತ್ತಲೇ ಮೇಲಿನ ಷಡ್ಜ ಮುಟ್ಟಿದ. ಕೆಳಗಿನ ಷಡ್ಜದಲ್ಲೂ ದನಿ ಗಾಳಿಯಾಗಲಿಲ್ಲ. ಅಷ್ಟೇ, ಅದೇ ಅವನ ಶ್ರುತಿ. ಗಂಟಲ ಕೆರೆತ ನಿಂತಿತು. ಆದರೆ ಅದು ಗೊತ್ತಾಗಲು ಐದು ತಿಂಗಳು ಹಿಡಿದಿತ್ತು!

ಈಗ ಅವರು ಮಕ್ಕಳನ್ನು ವಯಸ್ಸಿನ ಜೊತೆಗೆ ಶ್ರುತಿ ನೋಡಿಯೂ ತಂಡ ಮಾಡುತ್ತಾರೆ. ಸೇರುವ ದಿನವೇ ಮಗುವಿನ ಪುಸ್ತಕದ ಮೊದಲ ಪುಟದಲ್ಲಿ ಶ್ರುತಿ ಬರೆದುಕೊಡುತ್ತಾರೆ. ಮನೆಯಲ್ಲಿ ಮೊಬೈಲಿನ ತಂಬೂರಿಯನ್ನು ಅದೇ ಶ್ರುತಿಗೆ ಇಟ್ಟು ಹದಿನೈದು ನಿಮಿಷ ಹಾಡಿಸಿದರೆ ಸಾಕು. ಶ್ರುತಿಯಿಲ್ಲದೆ ಒಂದು ಗಂಟೆ ಹಾಡಿಸುವುದು ಬೇಡ, ಮಗು ತನಗರಿವಿಲ್ಲದೆ ಇಳಿಯುತ್ತ ಹೋಗಿ ಅದೇ ರೂಢಿಯಾಗುತ್ತದೆ. ಮಗು ಬೆಳೆದಂತೆ ಶ್ರುತಿ ಬದಲಾಗಬಹುದು, ಹುಡುಗರಲ್ಲಿ ದನಿ ಒಡೆಯುವ ವಯಸ್ಸಿಗೆ ಬಹಳವೇ ಇಳಿಯುತ್ತದೆ. ಆ ಪುಟವನ್ನು ಆಗಾಗ ತಿದ್ದಬೇಕು.

ಹುಡುಗ ಮರುದಿನ ತಂದ ಒಕ್ಕಣೆ ಇದು:

"ಕರ್ನಾಟಕ ಸಂಗೀತ, 6 ವರ್ಷ ತುಂಬಿದವರಿಗೆ. ಭರತನಾಟ್ಯ, 7 ವರ್ಷ ತುಂಬಿದವರಿಗೆ. ಒಂದು ತಂಡದಲ್ಲಿ 8 ಮಕ್ಕಳು. ವಾರಕ್ಕೆ 2 ದಿನ, ಒಂದು ಗಂಟೆ. ಮೊದಲ ವರ್ಷ ವರಸೆ, ಅಲಂಕಾರ, ಅಡವು ಮಾತ್ರ. ವೇದಿಕೆ, ಪರೀಕ್ಷೆ ಇಲ್ಲ. ಗೆಜ್ಜೆ, ವೇಷಭೂಷಣದ ಖರ್ಚು ಮೊದಲ ವರ್ಷ ಇಲ್ಲ. ಮೊದಲ 2 ತರಗತಿ ಪಾಲಕರೂ ಕೂತು ನೋಡಿ, ಆಮೇಲೆ ಸೇರಿಸಿ."

ಚಿತ್ರವನ್ನೂ ಬದಲಿಸಿದ್ದರು. ಮೇಕಪ್ಪಿನ ಹುಡುಗಿಯ ಜಾಗದಲ್ಲಿ ಚಾಪೆಯ ಮೇಲೆ ಕೂತು ತಾಳ ಹಾಕುತ್ತಿರುವ ಏಳೆಂಟು ಮಕ್ಕಳು. ಒಬ್ಬನ ಬೆರಳು ತಪ್ಪಿದೆ, ಪಕ್ಕದವಳು ಅವನ ಕೈಯನ್ನೇ ನೋಡುತ್ತಿದ್ದಾಳೆ. "ಇದನ್ನ ತಗೋಬೇಡಿ ಮೇಡಂ, ತಪ್ಪು ಕಾಣುತ್ತೆ" ಎಂದ ಹುಡುಗನಿಗೆ, "ಇರಲಿ ಬಿಡು" ಎಂದರು.

ಸಂಜೆಗೆ ಮೊದಲ ಫೋನು ಬಂತು. ಒಬ್ಬ ಅಜ್ಜ. "ಮೊಮ್ಮಗಳಿಗೆ ಮೂರೂವರೆ ಅಮ್ಮ. ಟಿವಿ ಹಾಕಿದ್ರೆ ಸಾಕು, ಕುಣೀತಾಳೆ. ಸೇರಿಸ್ಕೊಳ್ಳಿ."

"ಇನ್ನೂ ಚಿಕ್ಕವಳು ಸಾರ್. ಮನೇಲಿ ಚೆನ್ನಾಗಿ ಕುಣೀಲಿ."

"ಹಂಗಂತೀರಾ? ಹೋಗ್ಲಿ, ಅವಳಣ್ಣ ಇದಾನೆ, ಎಂಟು ವರ್ಷ. ಹುಡುಗರನ್ನ ತಗೋತೀರಾ?"

ಆ ಮಾತು ಒಕ್ಕಣೆಯಲ್ಲಿ ಇರಲಿಲ್ಲ. ನೃತ್ಯದ ಟೀಚರು ಅಂಗಡಿಯ ಹುಡುಗನಿಗೆ ಮತ್ತೆ ಫೋನು ಮಾಡಿದರು.