ಎಲ್ಲರೂ ಕೊಡ್ತಾರೆ ಅಂತ ನೀವೂ ಕೊಟ್ರಾ?

ನಾಗಸಂದ್ರ ಮೆಟ್ರೊ ಸ್ಟೇಷನ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದಾಗ ಪರಿಚಯದ ಅಕ್ಕ ಒಬ್ಬರು ಸಿಕ್ಕರು. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮಗಳ ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕಿತ್ತಂತೆ. “ಮುನ್ನೂರು ಕೊಟ್ಟೆ ಕಣಪ್ಪ. ಎಲ್ಲರೂ ಕೊಡ್ತಾರೆ, ನಾನೊಬ್ಬಳು ಕೊಡದಿದ್ರೆ ಏನ್ ಬದಲಾಗುತ್ತೆ?”

ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಎರಡು ಸಲ ಬಂದು ವಾಪಸ್ ಹೋದರೆ ಎರಡು ದಿನದ ಸಂಬಳ ಹೋಯಿತು, ಮುನ್ನೂರು ಅದಕ್ಕಿಂತ ಕಡಿಮೆ. ಆ ಲೆಕ್ಕ ಸರಿ. ಆದರೆ ಅದು ‘ನನಗೆ ಬೇರೆ ದಾರಿ ಇಲ್ಲ’ ಅನ್ನೋ ಲೆಕ್ಕ, ‘ಎಲ್ಲರೂ ಕೊಡ್ತಾರೆ’ ಅನ್ನೋದಲ್ಲ. ಕಾರಲ್ಲಿ ಬಂದು, ಕ್ಯೂ ತಪ್ಪಿಸೋಕೆ ಐನೂರು ಕೊಡೋರೂ ಇದೇ ಎರಡನೇ ಮಾತು ಹೇಳ್ತಾರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಕೆ ಆಗಲ್ಲ.

“ಅರ್ಜಿ ಕೊಟ್ಟಾಗ ರಸೀದಿ ಕೊಟ್ರಾ, ನಂಬರ್ ಇದೆಯಾ?” ಅಂತ ಕೇಳಿದೆ.

“ಇಲ್ಲಪ್ಪ, ಪೇಪರ್ ಇಟ್ಟು ಹೋಗಿ, ನೋಡೋಣ ಅಂದ್ರು.”

ಆಟ ಇರೋದು ಇಲ್ಲೇ. 2011ರ ಸೇವಾ ಖಾತರಿ ಕಾಯ್ದೆ, ಅಂದರೆ ನಮ್ಮ ‘ಸಕಾಲ’, 2012ರ ಏಪ್ರಿಲ್‌ನಲ್ಲಿ ಶುರುವಾಯಿತು. ಅರ್ಜಿಗೆ ಜಿಎಸ್‌ಸಿ ನಂಬರ್ ಸಿಕ್ಕ ದಿನದಿಂದ ಗಡುವು ಎಣಿಕೆಯಾಗುತ್ತೆ. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರರಿಗೆ ಪರಿಹಾರ. ಅದನ್ನು ತಡ ಮಾಡಿದವರಿಂದ ವಸೂಲು ಮಾಡಬೇಕು. ನಂಬರೇ ಇಲ್ಲ ಅಂದ್ರೆ ಗಡಿಯಾರ ಓಡೋದೇ ಇಲ್ಲ. ಹಾಗಾಗಿ ಅಕ್ಕ ದುಡ್ಡು ಕೊಟ್ಟು ತಗೊಂಡಿದ್ದು ವೇಗವನ್ನಲ್ಲ. ಮಾರೋಕೆ ಅಂತಲೇ ಹುಟ್ಟಿಸಿದ ತಡವನ್ನು. ಎಲ್ಲರೂ ಕೊಟ್ಟರೆ ಕ್ಯೂ ಒಂದಿಂಚೂ ಮುಂದಕ್ಕೆ ಹೋಗಲ್ಲ. ಅದೇ ಕ್ಯೂ, ತಲಾ ಮುನ್ನೂರು ಹೆಚ್ಚು.

ನಂಬರ್ ಸಿಕ್ಕ ಕೂಡಲೇ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಕೊನೇ ದಿನ ‘ದಾಖಲೆ ಸಾಲದು’ ಅಂತ ತಿರಸ್ಕರಿಸಬಹುದು. ಮೇಲ್ಮನವಿ ಇದೆ, ಆದರೆ ಐನೂರರ ಪರಿಹಾರಕ್ಕೆ ಇನ್ನೊಂದು ದಿನದ ಸಂಬಳ ಬಿಟ್ಟು ಯಾರು ಅಲೀತಾರೆ? ಇಷ್ಟರ ಮಟ್ಟಿಗೆ ಅಕ್ಕನ ನೆಪ ನಿಲ್ಲುತ್ತೆ.

ಕಾನೂನು ಕೂಡ ಈ ವ್ಯತ್ಯಾಸ ಗುರುತಿಸಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರಿಗೂ ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಅವರಿಗೆ ವಿನಾಯಿತಿ. ‘ಎಲ್ಲರೂ ಕೊಡ್ತಾರೆ’ ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ. (2011ರಲ್ಲಿ ಅರ್ಥಶಾಸ್ತ್ರಜ್ಞ ಕೌಶಿಕ್ ಬಸು ಇದಕ್ಕೆ ತದ್ವಿರುದ್ಧ ಹೇಳಿದ್ದರು: ಹಕ್ಕಿನ ಸೇವೆಗೆ ಲಂಚ ಕೊಟ್ಟವರನ್ನು ತಪ್ಪಿತಸ್ಥರು ಅನ್ನಬೇಡಿ, ಆಗ ಅವರೇ ಬಂದು ದೂರು ಕೊಡ್ತಾರೆ ಅಂತ. ನನಗೆ ಅದೇ ಸರಿ ಅನಿಸುತ್ತೆ.)

ಅಕ್ಕ ದುಡ್ಡು ಕೊಟ್ಟು ನಾಲ್ಕು ದಿನ ಆಗಿತ್ತು. ಇನ್ನೂ ಮೂರು ದಿನ ಇದೆ, ಲೋಕಾಯುಕ್ತಕ್ಕೆ ಹೇಳ್ತೀರಾ ಅಂದೆ.

“ಮುಂದಿನ ತಿಂಗಳು ಜಾತಿ ಪ್ರಮಾಣಪತ್ರಕ್ಕೂ ಅಲ್ಲಿಗೇ ಹೋಗ್ಬೇಕಲ್ಲಪ್ಪ.”

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆ ಸಲ ಪೇಪರ್ ಕೊಡೋ ಮುಂಚೆ ನಂಬರ್ ಕೇಳಿ ಅಂದೆ. ಅಕ್ಕ ನನ್ನ ಕೈಲಿ ಅದನ್ನ ಫೋನಲ್ಲಿ ಬರೆಸಿಕೊಂಡ್ರು: ಜಿಎಸ್‌ಸಿ.